ಹನ್ನೆರಡು ಪ್ರದೇಶ, ಒಂದೇ ಸ್ಲೈಡ್, ಒಂದೇ ಅಳತೆ

ಹನ್ನೆರಡು ಪ್ರದೇಶಗಳ ಎರಡು ವರ್ಷದ ಮಾರಾಟವನ್ನು ಒಂದೇ ಚಾರ್ಟ್‌ನಲ್ಲಿ ಹನ್ನೆರಡು ಬಣ್ಣದ ಗೆರೆಗಳಾಗಿ ಎಳೆದರೆ ಸಿಗುವುದು ನೂಲಿನ ಸಿಕ್ಕು. ಅದರ ಬದಲು ಪ್ರದೇಶಕ್ಕೊಂದರಂತೆ ಹನ್ನೆರಡು ಪುಟ್ಟ ಚಾರ್ಟ್‌ಗಳನ್ನು ಸಾಲಾಗಿ ಇಡುವುದೇ ಸ್ಮಾಲ್ ಮಲ್ಟಿಪಲ್ಸ್. 33.87 × 19.05 ಸೆಂ.ಮೀ. ಸ್ಲೈಡಿನಲ್ಲಿ ಶೀರ್ಷಿಕೆಗೂ ಅಂಚಿಗೂ ಜಾಗ ಬಿಟ್ಟ ಮೇಲೆ ನಾಲ್ಕು ಕಂಬಸಾಲು, ಮೂರು ಅಡ್ಡಸಾಲು ಹಿಡಿಯುತ್ತವೆ. ಒಂದೊಂದು ಚಾರ್ಟ್‌ಗೆ ಸುಮಾರು 7.2 × 4.6 ಸೆಂ.ಮೀ. ಸಿಗುತ್ತದೆ, ಗೆರೆ ಓದಲು ಅಷ್ಟು ಸಾಕು.

ಎಡವಟ್ಟಾಗುವುದು ಲಂಬ ಅಕ್ಷದಲ್ಲಿ. ಎಕ್ಸೆಲ್ ಪ್ರತಿ ಚಾರ್ಟ್‌ಗೂ ತನಗೆ ತೋಚಿದ ಗರಿಷ್ಠ ಮಿತಿ ಹಾಕುತ್ತದೆ. ಒಂದರದ್ದು 70, ಪಕ್ಕದ್ದರದ್ದು 1000. ಎರಡೂ ಗೆರೆ ಒಂದೇ ಎತ್ತರದಲ್ಲಿ ಕಾಣುತ್ತವೆ. ಆದ್ದರಿಂದ ಮೊದಲು ಒಂದು ಚಾರ್ಟ್ ಮಾತ್ರ ಮಾಡಿ, Format Axis ಅಡಿಯ Bounds ನಲ್ಲಿ Minimum ಮತ್ತು Maximum ಎರಡನ್ನೂ ಕೈಯಾರೆ ತುಂಬಿ, ಆಮೇಲೆ ಅದನ್ನೇ ನಕಲು ಮಾಡಿ ಡೇಟಾ ಬದಲಿಸಿ. ಅಕ್ಷದ ಅಂಕಿಗಳು ಎಡಗಡೆಯ ಮೂರು ಚಾರ್ಟ್‌ಗಳಲ್ಲಷ್ಟೇ ಇರಲಿ. ಆದರೆ ಅಂಕಿ ತೆಗೆದ ಕೂಡಲೇ ಒಳಗಿನ ಚಿತ್ರ ಹಿಗ್ಗಿ ಸಾಲು ತಪ್ಪುತ್ತದೆ. ಹಾಗಾಗಿ ಅಂಕಿಗಳನ್ನು ಅಳಿಸಬೇಡಿ, ಅಕ್ಷರದ ಬಣ್ಣವನ್ನು ಹಿನ್ನೆಲೆಯ ಬಣ್ಣಕ್ಕೆ ತನ್ನಿ. ತುಸು ಕಳ್ಳ ಉಪಾಯ, ಆದರೆ ಕೆಲಸ ಮಾಡುತ್ತದೆ.

ಒಂದೇ ಅಳತೆ ಇಟ್ಟ ಮೇಲೆ ಇನ್ನೊಂದು ತೊಡಕು ಎದುರಾಗುತ್ತದೆ. ದೊಡ್ಡ ಪ್ರದೇಶದ ಮಾರಾಟ 900ರಿಂದ 945ಕ್ಕೆ, ಚಿಕ್ಕದರದ್ದು 40ರಿಂದ 60ಕ್ಕೆ ಏರಿದೆ ಎನ್ನಿ. ಅಕ್ಷ 0ಯಿಂದ 1000, ಚಿತ್ರದ ಎತ್ತರ 35 ಮಿ.ಮೀ. ಇದ್ದರೆ ದೊಡ್ಡದರ ಶೇ. 5ರ ಏರಿಕೆ 1.6 ಮಿ.ಮೀ. ಮೇಲೇರುತ್ತದೆ, ಚಿಕ್ಕದರ ಶೇ. 50ರ ಏರಿಕೆ 0.7 ಮಿ.ಮೀ. ಮಾತ್ರ. ಅದು ನೆಲಕ್ಕೆ ಅಂಟಿದ ಗೆರೆಯಂತೆಯೇ ಕಾಣುತ್ತದೆ.

ಪ್ರಶ್ನೆ 'ಯಾರು ದೊಡ್ಡವರು' ಎಂದಾದರೆ ಇದೇ ಸರಿ. 'ಯಾರು ಬೆಳೆಯುತ್ತಿದ್ದಾರೆ' ಎಂದಾದರೆ ಎಲ್ಲಕ್ಕೂ ಒಂದೇ ಅಳತೆ ಎಂಬುದು ಹಾಗೇ ಇರಲಿ, ಸಂಖ್ಯೆಯನ್ನು ಬದಲಿಸಿ: ಪ್ರತಿ ಪ್ರದೇಶದ ಆರಂಭವನ್ನು 100 ಎಂದಿಟ್ಟು ಉಳಿದದ್ದನ್ನು ಅದಕ್ಕೆ ಹೋಲಿಸಿ. ಆಗ ಒಂದು 105ಕ್ಕೂ ಇನ್ನೊಂದು 150ಕ್ಕೂ ಬಂದು ನಿಲ್ಲುತ್ತದೆ. ಮೊದಲ ತಿಂಗಳೊಂದನ್ನೇ ಆಧಾರ ಮಾಡಿಕೊಂಡರೆ, ಆ ತಿಂಗಳು ಮಂಕಾಗಿದ್ದ ಪ್ರದೇಶವೆಲ್ಲ ಸುಮ್ಮನೆ ಶೂರನಾಗುತ್ತದೆ. ಮೊದಲ ಮೂರು ತಿಂಗಳ ಸರಾಸರಿ ವಾಸಿ. ಸೂಚ್ಯಂಕದಲ್ಲಿ ಗಾತ್ರ ಮರೆಯಾಗುವುದರಿಂದ ಪ್ರದೇಶದ ಹೆಸರಿನ ಪಕ್ಕದಲ್ಲೇ ಕೊನೆಯ ತಿಂಗಳ ನಿಜ ಸಂಖ್ಯೆ ಬರೆಯಿರಿ.

ಚಾರ್ಟ್‌ಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಬೇಡಿ. ಹೆಚ್ಚು ಬೆಳೆದದ್ದು ಮೇಲೆ ಎಡಕ್ಕೆ, ಕುಸಿದದ್ದು ಕೆಳಗೆ ಬಲಕ್ಕೆ ಬರಲಿ. ಮೂಲೆಯಿಂದ ಮೂಲೆಗೆ ಹೋಲಿಸುವುದು ಆಗಲೂ ಕಷ್ಟವೇ. ಅದಕ್ಕೆ ಪ್ರತಿ ಚಾರ್ಟ್‌ನಲ್ಲೂ ಉಳಿದ ಹನ್ನೊಂದು ಪ್ರದೇಶಗಳನ್ನು ತೆಳು ಬೂದು ಗೆರೆಗಳಾಗಿ ಹಿಂದೆ ಬಿಡಿ. ಬಣ್ಣದ ಗೆರೆ ಬೂದುಬಣ್ಣದಡಿ ಹೂತುಹೋದರೆ, Select Data ಪಟ್ಟಿಯಲ್ಲಿ ಆ ಸರಣಿಯನ್ನು ಕೊನೆಗೆ ಸರಿಸಿ; ಕೊನೆಯದೇ ಎಲ್ಲಕ್ಕಿಂತ ಮೇಲೆ ಕೂರುತ್ತದೆ.