ದ್ವಿಭಾಷಿಕರ ಅಫೇಸಿಯಾ: ಕೈಕೊಟ್ಟ ಭಾಷೆ ಅಳಿಸಿಹೋಗಿರುತ್ತದೆಯೇ?

ಪಾರ್ಶ್ವವಾಯುವಿನಿಂದಲೋ ತಲೆಗೆ ಬಿದ್ದ ಪೆಟ್ಟಿನಿಂದಲೋ ಮಾತಿನ ಶಕ್ತಿ ಕುಂದುವ ಸ್ಥಿತಿಯೇ ಅಫೇಸಿಯಾ. ಎರಡು ಭಾಷೆ ಬಲ್ಲವರಿಗೆ ಇದು ಬಂದಾಗ ಯಾವ ಭಾಷೆ ಮೊದಲು ಮರಳುತ್ತದೆ ಎಂಬ ಪ್ರಶ್ನೆಗೆ ಫ್ರಾನ್ಸಿನ ಮನೋವಿಜ್ಞಾನಿ ರಿಬೋ 1881ರಲ್ಲಿ ಕೊಟ್ಟ ಉತ್ತರ, ಮೊದಲು ಕಲಿತದ್ದೇ ಹೆಚ್ಚು ಉಳಿಯುತ್ತದೆ ಎಂಬುದಾಗಿತ್ತು. 1895ರಲ್ಲಿ ಪಿತ್ರ್ ಎಂಬ ವೈದ್ಯ ಇದನ್ನು ಒಪ್ಪದೆ, ಕಾಯಿಲೆಗೆ ಮುನ್ನ ಹೆಚ್ಚು ಬಳಕೆಯಲ್ಲಿದ್ದ ಭಾಷೆಯೇ ಮೊದಲು ಬರುತ್ತದೆ ಎಂದ. ಅವನ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ಪ್ರತಿ ಭಾಷೆಗೂ ಮಿದುಳಿನಲ್ಲಿ ಪ್ರತ್ಯೇಕ ಕೇಂದ್ರವಿದೆಯೆಂದು ಊಹಿಸಬೇಕಿಲ್ಲ, ಬಾರದ ಭಾಷೆ ನಾಶವಾಗಿರದೆ ತಡೆಹಿಡಿಯಲ್ಪಟ್ಟಿರಬಹುದು.

ಈ ಊಹೆಗೆ ಬಲವಾದ ಆಧಾರ ಒದಗಿದ್ದು ಭಾಷಾವಿಜ್ಞಾನಿ ಪ್ಯಾರಡಿ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಪ್ರಕರಣದಿಂದ. ಮೊರಾಕೊದಲ್ಲಿದ್ದ, ಫ್ರೆಂಚ್ ಮತ್ತು ಅರಬ್ಬಿ ಎರಡನ್ನೂ ಬಲ್ಲ ಕ್ರೈಸ್ತ ಸನ್ಯಾಸಿನಿಯೊಬ್ಬರಿಗೆ ಅಪಘಾತದಲ್ಲಿ ಪೆಟ್ಟಾಗಿ ಅಫೇಸಿಯಾ ಬಂದಿತ್ತು. ಚೇತರಿಕೆಯ ಒಂದು ಹಂತದಲ್ಲಿ ಅವರು ಅರಬ್ಬಿಯನ್ನು ಸರಾಗವಾಗಿ ಆಡಬಲ್ಲವರಾಗಿದ್ದು ಫ್ರೆಂಚಿಗೆ ತಡವರಿಸುತ್ತಿದ್ದರು. ಮರುದಿನ ಫ್ರೆಂಚ್ ಸಲೀಸಾಗಿ ಬಂದು ಅರಬ್ಬಿ ಕೈಕೊಟ್ಟಿತು. ಅದಕ್ಕಿಂತ ವಿಚಿತ್ರವೆಂದರೆ, ಸ್ವತಃ ಮಾತಾಡಲಾಗದ ಭಾಷೆಗೆ ಅವರು ಆ ದಿನ ಅನುವಾದ ಮಾಡಬಲ್ಲವರಾಗಿದ್ದರು, ಆದರೆ ಚೆನ್ನಾಗಿ ಆಡುತ್ತಿದ್ದ ಭಾಷೆಗೆ ಮಾಡಲಾಗುತ್ತಿರಲಿಲ್ಲ. ಒಂದೇ ದಿನದಲ್ಲಿ ಗಾಯ ಮಾಯವೂ ಆಗದು, ಜಾಗ ಬದಲಿಸಿಯೂ ಇರದು. ಹಾಗಾಗಿ ಭಾಷೆ ಒಳಗೇ ಇದ್ದು, ಅದನ್ನು ಬೇಕೆಂದಾಗ ಎಚ್ಚರಿಸುವ ಮತ್ತು ಇನ್ನೊಂದನ್ನು ಸುಮ್ಮನಿರಿಸುವ ನಿಯಂತ್ರಣ ಕೆಟ್ಟಿತ್ತು ಎನ್ನದೆ ಬೇರೆ ದಾರಿ ಕಾಣುವುದಿಲ್ಲ.

ಆದರೆ ಇಂಥ ಪ್ರಕರಣಗಳು ಅಪರೂಪ. ಪ್ಯಾರಡಿ 2001ರಲ್ಲಿ ಪರಿಶೀಲಿಸಿದ 132 ಪ್ರಕರಣಗಳಲ್ಲಿ ಸುಮಾರು 61 ಶೇಕಡಾ ಮಂದಿಗೆ ಎರಡೂ ಭಾಷೆಗಳು ಸಮಾನವಾಗಿ ಮರಳಿದ್ದವು, 18 ಶೇಕಡಾ ಮಂದಿಗೆ ಒಂದು ಇನ್ನೊಂದಕ್ಕಿಂತ ಚೆನ್ನಾಗಿ ಮರಳಿತ್ತು. ವಿಚಿತ್ರವಾದದ್ದನ್ನೇ ವೈದ್ಯರು ಬರೆದು ಪ್ರಕಟಿಸುವುದರಿಂದ, ಸಮಾನ ಚೇತರಿಕೆಯ ನಿಜವಾದ ಪ್ರಮಾಣ ಇದಕ್ಕಿಂತ ಹೆಚ್ಚೇ ಇರಬೇಕು.

ಹಾಗಾದರೆ ಒಂದು ಭಾಷೆಗೆ ಮಾತ್ರ ಹೆಚ್ಚು ಪೆಟ್ಟಾಗಿದೆ ಎಂದು ಹೇಳುವುದು ಯಾವಾಗ? ಇಲ್ಲಿ ಎಡವುವುದು ಸುಲಭ. ಇಂಗ್ಲಿಷ್ ಮೊದಲೇ ಅಷ್ಟಕ್ಕಷ್ಟೇ ಇದ್ದವರು ಈಗ ಇಂಗ್ಲಿಷಿನಲ್ಲಿ ತಡವರಿಸಿದರೆ ಅದು ಕಾಯಿಲೆಯ ಲಕ್ಷಣವೇ ಆಗಬೇಕಿಲ್ಲ. ಪ್ಯಾರಡಿ ರೂಪಿಸಿದ ದ್ವಿಭಾಷಿಕ ಅಫೇಸಿಯಾ ಪರೀಕ್ಷೆ ಮೊದಲು ರೋಗಿಯ ಭಾಷಾ ಇತಿಹಾಸ ಕೇಳಿ, ಆಮೇಲೆ ಎರಡೂ ಭಾಷೆಗಳಲ್ಲಿ ಸರಿಸಮನಾದ ಪ್ರಶ್ನೆಗಳನ್ನಿಟ್ಟು, ಕೊನೆಗೆ ಅನುವಾದ ಮಾಡಿಸುವುದು ಇದೇ ಕಾರಣಕ್ಕೆ. ಅದರ ಕನ್ನಡ ಆವೃತ್ತಿಯೂ ಇದೆ. ಇಂಗ್ಲಿಷ್ ಪ್ರಶ್ನೆಗಳನ್ನು ಸುಮ್ಮನೆ ಕನ್ನಡಕ್ಕೆ ಅನುವಾದಿಸಿದರೆ ಸಾಲದು, ಏಕೆಂದರೆ ವ್ಯಾಕರಣ ಕುಸಿದಾಗ ಇಂಗ್ಲಿಷಿನಲ್ಲಿ ಬಿಡಿ ಪದಗಳಾದ ‘ಇನ್’, ‘ಟು’ ಬಿಟ್ಟುಹೋಗಬಹುದಾದರೆ, ಕನ್ನಡದಲ್ಲಿ ಅದೇ ಕೆಲಸ ಮಾಡುವ ವಿಭಕ್ತಿಗಳು ನಾಮಪದಕ್ಕೆ ಅಂಟಿಕೊಂಡಿರುವುದರಿಂದ ತಪ್ಪಿನ ರೂಪವೇ ಬೇರೆಯಾಗುತ್ತದೆ.

130 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಎರಡನೆಯ ಭಾಷೆಯನ್ನು ತಡವಾಗಿ ಕಲಿತವರಿಗೆ ಮೊದಲ ಭಾಷೆ ಮೇಲುಗೈಯಾಗಿತ್ತು. ಎಳವೆಯಲ್ಲೇ ಎರಡನ್ನೂ ಕಲಿತವರಲ್ಲಿ ಅಂಥ ಅಂತರ ಕಾಣಲಿಲ್ಲ. ರಿಬೋನ ಮಾತು ಹೀಗೆ ಒಂದು ಗುಂಪಿನ ಮಟ್ಟಿಗೆ ಉಳಿದುಕೊಂಡಿದೆ.