ಮೆಣಸಿನ ಡಾಲರಿಗೆ ಎರಡು ಸಮಾನತೆಗಳು

ಶಿರಸಿಯಲ್ಲಿ ಕಾಳುಮೆಣಸು ಖರೀದಿಸಿ ಅಮೆರಿಕಕ್ಕೆ ಕಳುಹಿಸುವ ಪರಿಚಿತರೊಬ್ಬರು ಬ್ಯಾಂಕಿನ ದರಪಟ್ಟಿಯನ್ನು ನನ್ನ ಮುಂದಿಟ್ಟು, ‘ಬರುವ ವರ್ಷ ಡಾಲರ್ ಎಷ್ಟಕ್ಕೆ ಏರುತ್ತದೆಂದು ಇವರಿಗೆ ಈಗಲೇ ಹೇಗೆ ಗೊತ್ತಾಯಿತು ಮಾರಾಯ್ರೆ?’ ಎಂದು ಕೇಳಿದ್ದರು. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾನೇ ದುಂಡಾಗಿಸಿ ಹೇಳುವುದಾದರೆ, ಅಂದು ಡಾಲರಿಗೆ 80 ರೂಪಾಯಿ. ಒಂದು ವರ್ಷದ ನಂತರ ಕೊಡುವ ಡಾಲರಿಗೆ ಈಗಲೇ ಗೊತ್ತುಪಡಿಸುವ ದರ, ಅಂದರೆ ಫಾರ್ವರ್ಡ್ ದರ, 82.31 ರೂಪಾಯಿ. ಅವರು ಅದನ್ನು ಬ್ಯಾಂಕಿನ ಭವಿಷ್ಯವಾಣಿ ಎಂದು ಭಾವಿಸಿದ್ದರು. ಅದು ಬರಿಯ ಬಡ್ಡಿಯ ಲೆಕ್ಕ.

ಭಾರತದಲ್ಲಿ ವರ್ಷದ ಬಡ್ಡಿ ಶೇ 7, ಅಮೆರಿಕದಲ್ಲಿ ಶೇ 4 ಎಂದಿಟ್ಟುಕೊಳ್ಳೋಣ. 80 ರೂಪಾಯಿಯನ್ನು ಇಲ್ಲಿಯೇ ಇಟ್ಟರೆ ವರ್ಷಾಂತ್ಯಕ್ಕೆ 85.60 ಆಗುತ್ತದೆ, ಅದನ್ನೇ ಡಾಲರಿಗೆ ಬದಲಿಸಿ ಅಲ್ಲಿಟ್ಟರೆ 1.04 ಡಾಲರ್ ಆಗುತ್ತದೆ. ಎರಡು ದಾರಿಗಳೂ ಒಂದೇ ಮೊತ್ತಕ್ಕೆ ಬಂದು ನಿಲ್ಲಬೇಕಾದರೆ ಫಾರ್ವರ್ಡ್ ದರ 85.60 ಭಾಗಿಸು 1.04, ಅಂದರೆ 82.31 ಆಗಿರಲೇಬೇಕು. ರಕ್ಷಿತ ಬಡ್ಡಿ ಸಮಾನತೆ ಎಂದರೆ ಇಷ್ಟೇ. ಇದನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್ 1923ರಲ್ಲಿ ವಿವರಿಸಿದ್ದರು.

ದರ 83.50 ಆಗಿದ್ದರೆ ಏನಾಗುತ್ತಿತ್ತೆಂದು ನೋಡಿದರೆ ಇದರ ಬಲ ತಿಳಿಯುತ್ತದೆ. ಒಬ್ಬರು 80 ಲಕ್ಷ ರೂಪಾಯಿ ಸಾಲ ಪಡೆದು, ಒಂದು ಲಕ್ಷ ಡಾಲರ್ ಕೊಂಡು, ಶೇ 4ರ ಬಡ್ಡಿಗೆ ಇಟ್ಟು, ಮುಂದೆ ಬರಲಿರುವ 1,04,000 ಡಾಲರನ್ನು ಅದೇ ದಿನ 83.50ಕ್ಕೆ ಮಾರಿಬಿಟ್ಟರೆ ಕೈಗೆ 86.84 ಲಕ್ಷ ಬರುತ್ತದೆ. ತೀರಿಸಬೇಕಾದ ಸಾಲ 85.60 ಲಕ್ಷ ಮಾತ್ರ. ಉಳಿಯುವ 1.24 ಲಕ್ಷಕ್ಕೆ ವಿನಿಮಯ ದರದ ಅಪಾಯವೇ ಇಲ್ಲ, ಏಕೆಂದರೆ ಎಲ್ಲ ದರಗಳೂ ಮೊದಲ ದಿನವೇ ಕಾಗದದ ಮೇಲೆ ನಿಗದಿಯಾಗಿವೆ. ಇಂಥ ಅವಕಾಶ ಕಂಡೊಡನೆ ದೊಡ್ಡ ಬ್ಯಾಂಕುಗಳು ಮುಂದಿನ ಡಾಲರನ್ನು ಮಾರಲು ಮುಗಿಬೀಳುತ್ತವೆ, ದರ 82.31ರ ಕಡೆಗೆ ಇಳಿಯುತ್ತದೆ.

ಇನ್ನು ಖರೀದಿ ಶಕ್ತಿ ಸಮಾನತೆ. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುಸ್ತಾವ್ ಕ್ಯಾಸೆಲ್ 1918ರಲ್ಲಿ ಈ ಹೆಸರು ಕೊಟ್ಟರು. ಇದು ನೋಡುವುದು ಬಡ್ಡಿಯನ್ನಲ್ಲ, ಸರಕಿನ ಬೆಲೆಯನ್ನು: ಒಂದೇ ಸರಕಿಗೆ ಎರಡೂ ಕಡೆ ಸಮಾನ ಬೆಲೆ ಬೀಳುವಂತೆ ವಿನಿಮಯ ದರ ಇರಬೇಕೆಂಬುದು ಇದರ ತಿರುಳು. ಇಲ್ಲಿ ಹಣದುಬ್ಬರ ಶೇ 5, ಅಲ್ಲಿ ಶೇ 2 ಎಂದಾದರೆ, ಎರಡೂ ದೇಶಗಳ ಸರಕಿನ ಬೆಲೆಗಳ ಹೋಲಿಕೆ ಮೊದಲಿನಂತೆಯೇ ಉಳಿಯಲು ಡಾಲರ್ 80ರಿಂದ 82.35ಕ್ಕೆ ಏರಬೇಕು. ಎರಡು ಉತ್ತರಗಳ ನಡುವೆ ನಾಲ್ಕು ಪೈಸೆಯ ಅಂತರ! ಬಡ್ಡಿಯಿಂದ ಹಣದುಬ್ಬರವನ್ನು ಕಳೆದರೆ ಎರಡೂ ಕಡೆ ಸುಮಾರು ಶೇ 2 ಉಳಿಯುವಂತೆ ನಾನು ಅಂಕಿಗಳನ್ನು ಆರಿಸಿಕೊಂಡದ್ದರಿಂದ ಹೀಗಾಯಿತೇ ಹೊರತು, ಎರಡೂ ಒಂದೇ ನಿಯಮವಾದ್ದರಿಂದಲ್ಲ.

ವರ್ಷದ ನಡುವೆ ಇಲ್ಲಿನ ಹಣದುಬ್ಬರ ಶೇ 8ಕ್ಕೆ ಏರಿತೆನ್ನಿ. ಖರೀದಿ ಶಕ್ತಿಯ ಲೆಕ್ಕ ಈಗ 84.71 ಎನ್ನುತ್ತದೆ, ನಮ್ಮ ವ್ಯಾಪಾರಿ ಸಹಿ ಹಾಕಿದ ಒಪ್ಪಂದ ಮಾತ್ರ 82.31ರಲ್ಲಿಯೇ ಇರುತ್ತದೆ. ವರ್ಷಾಂತ್ಯಕ್ಕೆ ಪೇಟೆಯಲ್ಲಿ ಡಾಲರ್ 79 ಆಗಿರಲಿ, 86 ಆಗಿರಲಿ, ರಕ್ಷಿತ ಬಡ್ಡಿ ಸಮಾನತೆ ಸುಳ್ಳಾಗುವುದಿಲ್ಲ, ಏಕೆಂದರೆ ನಾಳೆಯ ಪೇಟೆಯ ದರದ ಬಗ್ಗೆ ಅದು ಏನನ್ನೂ ಹೇಳಿಯೇ ಇರಲಿಲ್ಲ. ಖರೀದಿ ಶಕ್ತಿಯ ನಿಯಮ ಹೇಳುವುದು ಅದೇ ದರದ ಬಗ್ಗೆ, ಹಾಗಾಗಿಯೇ ಅದು ಪದೇ ಪದೇ ತಪ್ಪುತ್ತದೆ.

ತಪ್ಪುವುದಕ್ಕೆ ಕಾರಣ ಶಿರಸಿಯ ಬಸ್ ನಿಲ್ದಾಣದ ಹತ್ತಿರವೇ ಕಾಣುತ್ತದೆ. ಒಣಗಿದ ಮೆಣಸನ್ನು ಚೀಲಕ್ಕೆ ತುಂಬಿ ಹಡಗಿಗೇರಿಸಬಹುದು, ಆದ್ದರಿಂದ ಸಾಗಣೆ ಮತ್ತು ಸುಂಕವನ್ನು ಬಿಟ್ಟರೆ ಇಲ್ಲಿನ ಬೆಲೆಗೂ ಅಲ್ಲಿನ ಬೆಲೆಗೂ ನಂಟು ಉಳಿಯುತ್ತದೆ. ಪಕ್ಕದ ಕ್ಷೌರದ ಅಂಗಡಿಯ ಅಗ್ಗದ ಕ್ಷೌರವನ್ನು ನ್ಯೂಯಾರ್ಕಿಗೆ ರಫ್ತು ಮಾಡಲಾಗದು. ಬಾಡಿಗೆ, ಕೂಲಿ, ಊಟ ಎಲ್ಲವೂ ಹೀಗೆಯೇ. ಇವೆಲ್ಲವನ್ನೂ ಸೇರಿಸಿ ವಿಶ್ವಬ್ಯಾಂಕ್ ಮಾಡುವ ಲೆಕ್ಕದಲ್ಲಿ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟನ್ನು ಕೊಳ್ಳಲು ಭಾರತದಲ್ಲಿ ಸುಮಾರು 20 ರೂಪಾಯಿ ಸಾಕು. ಪೇಟೆಯ ದರ ಅದರ ನಾಲ್ಕು ಪಟ್ಟು, ಇಲ್ಲವೇ ಇನ್ನೂ ಹೆಚ್ಚು. ಹಣದುಬ್ಬರಕ್ಕೆ ಅನುಗುಣವಾಗಿ ದರ ಬದಲಾಗುತ್ತದೆಂಬ ಸೌಮ್ಯ ರೂಪದಲ್ಲಿಯೂ ಖರೀದಿ ಶಕ್ತಿಯ ನಿಯಮ ನಿಧಾನವೇ: ದರ ಒಮ್ಮೆ ದಾರಿ ತಪ್ಪಿದರೆ ಅಂತರ ಅರ್ಧದಷ್ಟು ಕರಗಲು ಮೂರರಿಂದ ಐದು ವರ್ಷ ಬೇಕೆಂದು ಅರ್ಥಶಾಸ್ತ್ರಜ್ಞ ಕೆನೆತ್ ರೋಗಾಫ್ 1996ರ ಸಮೀಕ್ಷೆಯಲ್ಲಿ ತೋರಿಸಿದ್ದಾರೆ.

ಹಾಗೆಂದು ಬಡ್ಡಿಯ ಸಮಾನತೆ ಎಂದೂ ಮುರಿಯದ್ದೇನಲ್ಲ. ಅದನ್ನು ಪರೀಕ್ಷಿಸುವ ಬಗೆ ಸರಳ. ಫಾರ್ವರ್ಡ್ ದರ 82.60 ಎಂದು ಕಂಡರೆ ಅದನ್ನು 80ರಿಂದ ಭಾಗಿಸಿ 1.04ರಿಂದ ಗುಣಿಸಬೇಕು, ರೂಪಾಯಿಯ ಬಡ್ಡಿ ಶೇ 7.38 ಎಂದು ಹೊರಬೀಳುತ್ತದೆ, ನಿಜದ ಬಡ್ಡಿಯಾದರೋ ಶೇ 7. ದೊಡ್ಡ ಕರೆನ್ಸಿಗಳಲ್ಲಿ 2008ಕ್ಕೆ ಮೊದಲು ಇಂಥ ಅಂತರ ಬಹುತೇಕ ಇರಲಿಲ್ಲ. ಆ ವರ್ಷದ ಹಣಕಾಸು ಬಿಕ್ಕಟ್ಟಿನಲ್ಲಿ ಬ್ಯಾಂಕುಗಳು ಒಂದನ್ನೊಂದು ನಂಬದೆ ಡಾಲರ್ ಸಾಲ ದುಬಾರಿಯಾದಾಗ ಅದು ತೆರೆದುಕೊಂಡಿತು. ನಂತರವೂ ಪೂರ್ತಿ ಮುಚ್ಚಿಲ್ಲ, ಏಕೆಂದರೆ ಅಂತರದ ಲಾಭ ಪಡೆಯಲು ಬ್ಯಾಂಕು ತನ್ನ ಲೆಕ್ಕಪತ್ರದಲ್ಲಿ ಸಾಲ ಹೆಚ್ಚಿಸಿಕೊಳ್ಳಬೇಕು, ಅದಕ್ಕೆ ಹೊಸ ನಿಯಮಗಳು ಬಂಡವಾಳ ಕೇಳುತ್ತವೆ. ಭಾರತದಂತೆ ಬಂಡವಾಳದ ಹರಿವಿಗೆ ಮಿತಿಯಿರುವ ದೇಶಗಳಲ್ಲಿ ಆ ಮಿತಿಯೂ ಒಂದು ಕಾರಣ.

ನನ್ನ ಪರಿಚಿತರಿಗೆ ಸಿಕ್ಕ ದರ 82.31ಕ್ಕಿಂತ ತುಸು ಕಡಿಮೆಯೇ, ಬ್ಯಾಂಕು ತನ್ನ ಲಾಭದ ಪಾಲನ್ನು ಮುರಿದುಕೊಂಡಿತ್ತು. ಲೆಕ್ಕ ಅರ್ಥವಾದ ಮೇಲೆ ಅವರು ಡಾಲರ್ ಏರುತ್ತದೋ ಇಳಿಯುತ್ತದೋ ಎಂದು ಕೇಳುವುದನ್ನು ಬಿಟ್ಟು, ಬೆಳೆಗಾರರಿಗೆ ಕೊಟ್ಟ ಬೆಲೆಯನ್ನು ಆ ದರದಲ್ಲಿ ಬರುವ ರೂಪಾಯಿ ಭರಿಸುತ್ತದೆಯೇ ಎಂದು ನೋಡಿಕೊಂಡು ಅರ್ಧ ಸರಕಿಗೆ ಸಹಿ ಹಾಕಿದರು.