ಅಳಿಸಿದ ಸಾಲುಗಳ ಸಾಕ್ಷ್ಯ

ಪ್ರಬಂಧವೊಂದನ್ನು ವಿದ್ಯಾರ್ಥಿಯೇ ಬರೆದನೋ, ಕೃತಕ ಬುದ್ಧಿಮತ್ತೆಯಿಂದ ಬರೆಸಿದನೋ ಎಂಬುದನ್ನು ಮುಗಿದ ಪಠ್ಯವನ್ನಷ್ಟೇ ನೋಡಿ ತೀರ್ಮಾನಿಸಲಾಗದು ಎಂಬುದು 2023ರಲ್ಲೇ ಸ್ಪಷ್ಟವಾಗಿತ್ತು. ಓಪನ್‌ಎಐ ಸಂಸ್ಥೆಯು ಆ ವರ್ಷದ ಜನವರಿಯಲ್ಲಿ ಹೊರತಂದಿದ್ದ ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು, ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಪರೀಕ್ಷೆಗಾಗಿ ಬರೆದಿದ್ದ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಒಡ್ಡಿದಾಗ, ಸರಾಸರಿ ಅರ್ಧಕ್ಕೂ ಹೆಚ್ಚಿನವನ್ನು ಅವು ಯಂತ್ರದ ಬರವಣಿಗೆ ಎಂದು ತಪ್ಪಾಗಿ ಗುರುತಿಸಿದವು. ಪರಿಚಿತ ಪದಗಳಲ್ಲಿ, ಸರಳ ವಾಕ್ಯಗಳಲ್ಲಿ ಬರೆಯುವವರ ಮೇಲೆಯೇ ಈ ಅನುಮಾನ ಹೆಚ್ಚಾಗಿ ಬೀಳುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದ ನಮ್ಮ ಮಕ್ಕಳೂ ಅಂಥವರೇ. ಆದ್ದರಿಂದ, ಪಠ್ಯ ಹೇಗಿದೆ ಎಂಬುದನ್ನು ಬಿಟ್ಟು, ಅದು ಹೇಗೆ ಬೆಳೆಯಿತು ಎಂಬುದನ್ನು ನೋಡುವುದೇ ಹೆಚ್ಚು ನ್ಯಾಯವಾದ ದಾರಿ ಎಂದು ನನಗೆ ಅನ್ನಿಸುತ್ತದೆ.

ಗೂಗಲ್ ಡಾಕ್ಸ್‌ನಲ್ಲಿ ಬರೆದ ಕಡತಕ್ಕೆ ಈ ಬೆಳವಣಿಗೆಯ ದಾಖಲೆ ತಾನಾಗಿಯೇ ದೊರೆಯುತ್ತದೆ. ಬರೆಯುತ್ತಾ ಹೋದಂತೆ, ಯಾವ ಜಾಗದಲ್ಲಿ ಯಾವ ಅಕ್ಷರಗಳು ಸೇರಿದವು, ಎಲ್ಲಿಂದ ಎಲ್ಲಿಯವರೆಗೆ ಅಳಿಸಲಾಯಿತು ಎಂಬ ಸಣ್ಣ ಸಣ್ಣ ಬದಲಾವಣೆಗಳ ಸರಣಿ ಸರ್ವರಿನಲ್ಲಿ ಸೇರುತ್ತಾ ಹೋಗುತ್ತದೆ. `File > Version history > See version history` ಎಂಬಲ್ಲಿ ಹೋದರೆ ಬಲಬದಿಯಲ್ಲಿ ದಿನಾಂಕ ಮತ್ತು ಹೊತ್ತಿನ ಪಟ್ಟಿ ತೆರೆದುಕೊಳ್ಳುತ್ತದೆ. ಒಂದೊಂದು ನಮೂದಿನ ಪಕ್ಕದ ಬಾಣದ ಗುರುತನ್ನು ಒತ್ತಿದರೆ ಅದರೊಳಗಿನ ಚಿಕ್ಕ ಹಂತಗಳು ಕಾಣುತ್ತವೆ; ಸೇರಿಸಿದ್ದು ಬಣ್ಣದಲ್ಲಿಯೂ ಅಳಿಸಿದ್ದು ಮೇಲೆ ಗೆರೆ ಎಳೆದಂತೆಯೂ ತೋರುತ್ತದೆ. ಪಟ್ಟಿಯಲ್ಲಿನ ಹೊತ್ತು ಸರ್ವರ್ ದಾಖಲಿಸಿದ್ದಾದ್ದರಿಂದ ವಿದ್ಯಾರ್ಥಿ ತನ್ನ ಕಂಪ್ಯೂಟರಿನ ಗಡಿಯಾರವನ್ನು ತಿರುಗಿಸಿ ಅದನ್ನು ಬದಲಿಸಲಾರ. ವರ್ಡ್ ಕಡತದ ಒಳಗೆ ಉಳಿಯುವ ದಿನಾಂಕಕ್ಕೂ ಒಟ್ಟು ತಿದ್ದುವಿಕೆಯ ನಿಮಿಷಗಳ ಎಣಿಕೆಗೂ ಆ ಬಲವಿಲ್ಲ. ಅವು ಆ ಕಂಪ್ಯೂಟರಿನಲ್ಲೇ ಹುಟ್ಟಿದವು, ಕಡತವನ್ನು ಸುಮ್ಮನೆ ತೆರೆದಿಟ್ಟರೂ ನಿಮಿಷಗಳು ಏರಬಲ್ಲವು. ಒನ್‌ಡ್ರೈವ್‌ನಂಥ ಜಾಗದಲ್ಲಿ ಉಳಿಸಿದ ವರ್ಡ್ ಕಡತಕ್ಕೆ ಮಾತ್ರ ಹಿಂದಿನ ಆವೃತ್ತಿಗಳು ಸಿಗುತ್ತವೆ.

ಇಷ್ಟು ದಾಖಲೆ ಸಿಕ್ಕಿದಾಗ ಬಹುತೇಕರು ಮೊದಲು ನೋಡುವುದು ಎಷ್ಟು ಹೊತ್ತು ಕೆಲಸ ನಡೆದಿದೆ, ಎಷ್ಟು ಆವೃತ್ತಿಗಳಿವೆ ಎಂಬ ಎಣಿಕೆಯನ್ನು. ಅದು ತೀರಾ ದುರ್ಬಲವಾದ ಸಾಕ್ಷ್ಯ, ಏಕೆಂದರೆ ಬೇರೆಡೆಯ ಪಠ್ಯವನ್ನು ನೋಡಿಕೊಂಡು ಟೈಪ್ ಮಾಡಿದರೂ ಗಂಟೆಗಳು ಕಳೆಯುತ್ತವೆ, ಆವೃತ್ತಿಗಳು ಹೆಚ್ಚುತ್ತವೆ. ನೋಡಬೇಕಾದದ್ದು ಒಂದು ಬದಲಾವಣೆ ಇನ್ನೊಂದನ್ನು ಹೇಗೆ ಹುಟ್ಟಿಸಿತು ಎಂಬುದನ್ನು.

ಬೆಳ್ಳಂದೂರು ಕೆರೆಯ ನೊರೆಯ ಬಗ್ಗೆ ವಿದ್ಯಾರ್ಥಿನಿಯೊಬ್ಬಳು ಪ್ರಬಂಧ ಬರೆಯುತ್ತಿದ್ದಾಳೆ ಎಂದು ಭಾವಿಸೋಣ. ಸೋಮವಾರದ ಆವೃತ್ತಿಯಲ್ಲಿ ಐದಾರು ಅರ್ಧಂಬರ್ಧ ಸಾಲುಗಳಿವೆ, ಜೊತೆಗೆ ‘ಕಾರ್ಖಾನೆಗಳ ತ್ಯಾಜ್ಯದಿಂದ ಕೆರೆ ನೊರೆಯುಗುಳುತ್ತಿದೆ’ ಎಂಬ ಆರಂಭದ ವಾಕ್ಯವಿದೆ. ಮಂಗಳವಾರ ಅದೇ ವಾದ ಮೂರು ಪ್ಯಾರಾಗಳಷ್ಟು ಬೆಳೆದಿದೆ. ಬುಧವಾರ ಸಂಜೆ ಅವಳು ನಾಲ್ಕನೆಯ ಪ್ಯಾರಾದಲ್ಲಿ, ಮನೆಗಳ ಶುದ್ಧೀಕರಿಸದ ಕೊಳಚೆ ನೀರಿನಲ್ಲಿರುವ ಸಾಬೂನು ಮತ್ತು ಡಿಟರ್ಜೆಂಟಿನ ಅಂಶವೇ ನೊರೆಗೆ ಮುಖ್ಯ ಕಾರಣ ಎಂದು ಬರೆಯುತ್ತಾಳೆ. ಅಲ್ಲಿಗೆ ಬರವಣಿಗೆ ನಿಲ್ಲುತ್ತದೆ. ಇಪ್ಪತ್ತು ನಿಮಿಷಗಳ ಬಳಿಕ ಕರ್ಸರ್ ಮೊದಲ ಪ್ಯಾರಾಕ್ಕೆ ಹಾರಿದೆ: ‘ಕಾರ್ಖಾನೆಗಳ’ ಎಂಬ ಪದ ಅಳಿದು ‘ನಮ್ಮ ಮನೆಗಳ’ ಎಂದಾಗಿದೆ, ಎರಡನೆಯ ಪ್ಯಾರಾದ ಅರ್ಧ ಭಾಗ ಹೋಗಿದೆ, ಮೂರನೆಯದು ಕೆಳಕ್ಕೆ ಸರಿದಿದೆ. ಗುರುವಾರ ಶೀರ್ಷಿಕೆಯೂ ಬದಲಾಗಿದೆ. ನಾಲ್ಕನೆಯ ಪ್ಯಾರಾದಲ್ಲಿ ತಿಳಿದದ್ದು ಮೊದಲನೆಯದನ್ನು ಉಳಿಯಗೊಡಲಿಲ್ಲ ಎಂಬುದೇ ಇಲ್ಲಿನ ಗಟ್ಟಿ ಸಾಕ್ಷ್ಯ. ಮುಗಿದ ಪಠ್ಯವೊಂದನ್ನು ನಕಲು ಟೈಪ್ ಮಾಡುವವನಿಗೆ ಇಂಥ ತಿದ್ದುಪಡಿಯ ಅಗತ್ಯವೇ ಬೀಳುವುದಿಲ್ಲ. ಅವನ ಪಠ್ಯ ಮೇಲಿನಿಂದ ಕೆಳಕ್ಕೆ ನೇರವಾಗಿ ಬೆಳೆಯುತ್ತದೆ, ಅಳಿಸಿದ್ದೆಲ್ಲ ಬಹುಪಾಲು ಕಾಗುಣಿತದ ತಪ್ಪುಗಳೇ ಆಗಿರುತ್ತವೆ. ಬರವಣಿಗೆ ಯೋಜನೆಯಿಂದ ಕರಡಿಗೆ, ಕರಡಿನಿಂದ ತಿದ್ದುಪಡಿಗೆ ಸಾಲಾಗಿ ಸಾಗದೆ ಈ ಮೂರರ ನಡುವೆ ಮತ್ತೆ ಮತ್ತೆ ಹಿಂದೆ ಮುಂದೆ ಓಡಾಡುತ್ತದೆ ಎಂದು ಬರವಣಿಗೆಯ ಸಂಶೋಧಕರಾದ ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ 1981ರಲ್ಲೇ ಪ್ರತಿಪಾದಿಸಿದ್ದರು. ಆ ಓಡಾಟದ ಹೆಜ್ಜೆಗುರುತನ್ನೇ ನಾವು ಇಲ್ಲಿ ಹುಡುಕುವುದು.

ಹಟ ಹಿಡಿದವರು ಇದನ್ನೂ ನಟಿಸಬಹುದು, ಬೇಕೆಂದೇ ತಪ್ಪು ಬರೆದು ಆಮೇಲೆ ತಿದ್ದಬಹುದು. ಹಾಗಾಗಿ ದಾಖಲೆಯೊಂದರಿಂದಲೇ ತೀರ್ಪು ಕೊಡದೆ ಅದನ್ನು ಮುಂದಿಟ್ಟುಕೊಂಡು ಮಾತಾಡಿಸುವುದು ಒಳ್ಳೆಯದು. ‘ಎರಡನೆಯ ಪ್ಯಾರಾದ ಅರ್ಧವನ್ನು ಯಾಕೆ ತೆಗೆದಿರಿ?’ ಎಂಬ ಪ್ರಶ್ನೆಗೆ ಮೇಲಿನ ವಿದ್ಯಾರ್ಥಿನಿ ತಾನು ಬುಧವಾರ ಏನು ಓದಿದೆ ಎಂಬುದನ್ನು ಹೇಳಬಲ್ಲಳು.

ನನ್ನನ್ನು ಹೆಚ್ಚು ಕಾಡುವುದು ಇದರ ಇನ್ನೊಂದು ಮಗ್ಗುಲು. ಪ್ರಾಮಾಣಿಕವಾಗಿ ಬರೆದವರ ಕಡತದಲ್ಲೂ ಚರಿತ್ರೆ ಇಲ್ಲದಿರಬಹುದು. ಕನ್ನಡದಲ್ಲಿ ಬರೆಯುವವರ ವಿಷಯದಲ್ಲಂತೂ ಇದು ದಿನನಿತ್ಯದ ಸಂಗತಿ. ನುಡಿಯಂಥ ತಂತ್ರಾಂಶದಲ್ಲಿ ಹಳೆಯ ಆಸ್ಕಿ ಫಾಂಟ್ ಬಳಸಿ ಬರೆದದ್ದನ್ನು ಯುನಿಕೋಡ್‌ಗೆ ಪರಿವರ್ತಿಸಿ ತಂದು ಅಂಟಿಸಿದರೆ, ಎರಡು ವಾರದ ದುಡಿಮೆ ಗೂಗಲ್ ಡಾಕ್ಸ್‌ನಲ್ಲಿ ಒಂದೇ ಕ್ಷಣದಲ್ಲಿ ಮೂಡಿದ ಸಾವಿರ ಪದಗಳಂತೆ ಕಾಣುತ್ತದೆ. ಮೊದಲು ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆದು ಆಮೇಲೆ ಟೈಪ್ ಮಾಡಿದವರ ದಾಖಲೆ ನಕಲು ಮಾಡಿದವರ ದಾಖಲೆಯಷ್ಟೇ ನೇರವಾಗಿರುತ್ತದೆ. ಧ್ವನಿ ಟೈಪಿಂಗ್ ಬಳಸಿದರೆ ಪದಗಳು ಗುಂಪುಗುಂಪಾಗಿ ಬೀಳುತ್ತವೆ. ಆದ್ದರಿಂದ ದೊಡ್ಡ ತುಣುಕೊಂದು ಒಮ್ಮೆಲೇ ಬಂದು ಕೂತಿದ್ದರೆ ಕೇಳಬೇಕಾದ ಪ್ರಶ್ನೆ ‘ಇದು ಎಲ್ಲಿಂದ ಬಂತು?’ ಎಂಬುದಷ್ಟೇ, ಉತ್ತರ ನೋಟ್‌ಬುಕ್ಕಿನ ಪುಟದಲ್ಲೋ ನುಡಿಯ ಮೂಲ ಕಡತದಲ್ಲೋ ಇರಬಹುದು.

ವಿದ್ಯಾರ್ಥಿಗಳಿಗೆ ಇದರಿಂದ ತಿಳಿಯಬೇಕಾದದ್ದು ಕೆಲವೇ ಸಂಗತಿಗಳು. `Make a copy` ಒತ್ತಿ ಪ್ರತಿ ಮಾಡಿಕೊಂಡರೆ ಹೊಸ ಕಡತಕ್ಕೆ ಹಳೆಯ ಚರಿತ್ರೆ ಬರುವುದಿಲ್ಲ, ಹೀಗಾಗಿ ಪ್ರತಿಯನ್ನು ಸಲ್ಲಿಸಿ ಮೂಲವನ್ನು ಅಳಿಸಿಬಿಡಬಾರದು. ಪಿಡಿಎಫ್ ಕಳಿಸಿದವರೂ ಮೂಲವನ್ನು ಅಂಕ ಬರುವವರೆಗಾದರೂ ಇಟ್ಟುಕೊಳ್ಳಬೇಕು. ಜಾಗ ಉಳಿಸಲು ಗೂಗಲ್ ಹಳೆಯ ಹಂತಗಳನ್ನು ಕೆಲವೊಮ್ಮೆ ಒಂದುಗೂಡಿಸುವುದರಿಂದ, ಮೊದಲ ಕರಡು ಮುಗಿದಾಗ, ವಾದ ಬದಲಾದಾಗ `Name current version` ಬಳಸಿ ಆ ಹಂತಕ್ಕೊಂದು ಹೆಸರು ಕೊಟ್ಟಿಡುವುದು ಕ್ಷೇಮ. ಕೈಬರಹದ ಪುಟಗಳ ಫೋಟೋವನ್ನು ಅಂದಂದೇ ತೆಗೆದಿಡಬಹುದು.

ಅಧ್ಯಾಪಕರಿಗೆ ಕೇವಲ ಓದುವ ಅನುಮತಿ ಕೊಟ್ಟರೆ ಚರಿತ್ರೆ ಕಾಣದು, ತಿದ್ದುವ ಅನುಮತಿಯೇ ಬೇಕಾಗುತ್ತದೆ. ಹಾಗೆ ಕೊಟ್ಟಾಗ ವಿದ್ಯಾರ್ಥಿ ಬರೆದು ಅಳಿಸಿದ ಖಾಸಗಿ ಮಾತುಗಳೂ ಅವರ ಕಣ್ಣಿಗೆ ಬೀಳುತ್ತವೆ. ಅದಕ್ಕಾಗಿ ವಿದ್ಯಾರ್ಥಿ ಎದುರಿಗೆ ಕೂತು, ತನ್ನ ಪರದೆಯ ಮೇಲೆ ತಾನೇ ಆವೃತ್ತಿಗಳನ್ನು ತೆರೆದು ತೋರಿಸುವ ಕ್ರಮವನ್ನು ನಾನು ಮೆಚ್ಚುತ್ತೇನೆ. ಚರಿತ್ರೆಯನ್ನು ಕೇಳಲಾಗುವುದು ಎಂಬ ನಿಯಮವನ್ನು ಪ್ರಬಂಧ ಕೊಡುವ ದಿನವೇ ತಿಳಿಸಬೇಕು; ಅನುಮಾನ ಬಂದ ಮೇಲೆ ಕೇಳಿದರೆ, ಕಾಗದದ ಮೇಲೆ ಬರೆದು ಹಾಳೆಗಳನ್ನು ಎಸೆದವರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ.